ವಾರ್ಡ್ ಸಭೆಯ ಪರದೆಯ ಮೇಲೆ ನಾಲ್ಕು ಸಾಲು

ಹುಬ್ಬಳ್ಳಿ–ಧಾರವಾಡದಲ್ಲಿ ನೀರಿನ ಮಾತೆತ್ತಿದರೆ ಸಭೆಗೆ ಜನ ಬಾರದಿರುವ ಪ್ರಶ್ನೆಯೇ ಇಲ್ಲ. ಮಲಪ್ರಭೆಯ ನವಿಲುತೀರ್ಥದಿಂದಲೂ ನೀರಸಾಗರದಿಂದಲೂ ಬರುವ ನೀರನ್ನು ಕೆಲವು ದಿನಗಳಿಗೊಮ್ಮೆ ಹಿಡಿದು, ಬ್ಯಾರಲ್ಲುಗಳಲ್ಲಿ ತುಂಬಿಟ್ಟು ಬಾಳಿದ ಊರಿದು. ಇಲ್ಲಿಯೂ ಬೆಳಗಾವಿ, ಕಲಬುರಗಿಗಳಲ್ಲಿಯೂ ವಿಶ್ವಬ್ಯಾಂಕಿನ ನೆರವಿನಿಂದ, 2007–08ರ ಹೊತ್ತಿಗೆ ಕೆಲವು ವಾರ್ಡುಗಳಲ್ಲಿ ಇಪ್ಪತ್ತನಾಲ್ಕು ತಾಸಿನ ನೀರು ಪ್ರಯೋಗಾರ್ಥವಾಗಿ ಹರಿಯಿತು. ನಮ್ಮ ಅವಳಿ ನಗರದಲ್ಲಿ ಆ ವಾರ್ಡುಗಳು ಎಂಟು. ಇಂಥ ಯೋಜನೆಯನ್ನು ಜನರಿಗೆ ವಿವರಿಸಲು ಪರದೆಯ ಮೇಲೆ ಬೀಳುವ ಬರಹವು ಬಹುಮಟ್ಟಿಗೆ ಇಂಜಿನಿಯರರ ವರದಿಯಿಂದ ಕತ್ತರಿಸಿ ತೆಗೆದುದಾಗಿರುವುದರಿಂದ, ಸಭೆಗೆ ಬಂದ ಗೃಹಿಣಿಯಾಗಲಿ, ಕಿರಾಣಿ ಅಂಗಡಿಯವನಾಗಲಿ ಅದನ್ನು ನೋಡಿ, ತಲೆದೂಗಿ, ಏನೊಂದನ್ನೂ ತಿಳಿಯದೆ ಮನೆಗೆ ಮರಳುವುದುಂಟು. ಆ ಬರಹವನ್ನು ತಿಳಿಗನ್ನಡಕ್ಕೆ ತರುವ ಬಗೆಯನ್ನು, ಮಾದರಿಗಾಗಿ ನಾವೇ ರಚಿಸಿಕೊಂಡ ನಾಲ್ಕು ಸಾಲುಗಳ ಮೂಲಕ ಪರಿಶೀಲಿಸೋಣ.

ಮೊದಲನೆಯ ಸಾಲು: “ವಿತರಣಾ ಜಾಲದಲ್ಲಿ ನಿರಂತರ ಧನಾತ್ಮಕ ಒತ್ತಡವು ಕಾಯ್ದುಕೊಳ್ಳಲ್ಪಡುವುದರಿಂದ ಬಾಹ್ಯ ಮಾಲಿನ್ಯದ ಅಂತಃಪ್ರವೇಶವು ಕನಿಷ್ಠಗೊಳ್ಳುವುದು.” ಈ ವಾಕ್ಯದ ಕಾಠಿನ್ಯವು ಅದರ ಶಬ್ದಗಳಲ್ಲಿದೆಯೆಂದು ಮೇಲ್ನೋಟಕ್ಕೆ ತೋರಿದರೂ, ಅವುಗಳ ಜಾಗದಲ್ಲಿ ಸುಲಭವಾದ ಬೇರೆ ಶಬ್ದಗಳನ್ನಿಟ್ಟ ಮಾತ್ರಕ್ಕೆ ವಾಕ್ಯವು ತಿಳಿಯಾಗದು, ಏಕೆಂದರೆ ಇದರಲ್ಲಿ ಘಟನೆಯೊಂದಿದೆ, ಆ ಘಟನೆಯ ಕ್ರಮವೇ ಮರೆಯಾಗಿದೆ. ಕ್ರಮವನ್ನು ಮೊದಲಿನಿಂದ ಹೇಳಿದರೆ ಹೀಗಾಗುತ್ತದೆ: “ನೀರು ಬಿಡುವುದು ನಿಂತಾಗ ಕೊಳವೆ ಖಾಲಿಯಾಗುತ್ತದೆ. ಖಾಲಿ ಕೊಳವೆಯೊಳಕ್ಕೆ, ಸೀಳು ಬಿಟ್ಟ ಕಡೆಯಿಂದ ಗಟಾರದ ನೀರು ಇಳಿಯುತ್ತದೆ. ಮತ್ತೆ ನೀರು ಬಿಟ್ಟಾಗ ನಳದಲ್ಲಿ ಮೊದಲು ಬರುವುದು ಆ ಹೊಲಸೇ ಇರಬಹುದು. ಕೊಳವೆ ಸದಾ ತುಂಬಿದ್ದರೆ ನೀರು ಒಳಗಿನಿಂದ ಹೊರಕ್ಕೆ ಒತ್ತುತ್ತಿರುತ್ತದೆ. ಹೊಲಸು ಒಳಗೆ ಬರುವುದು ಬಹಳ ಕಡಿಮೆ.” ಒಂದು ಸಾಲು ಐದಾಯಿತೆಂಬ ಆಕ್ಷೇಪಣೆ ಬರಬಹುದು. ಪರದೆಯ ಮೇಲೆ ಕೊನೆಯ ವಾಕ್ಯವನ್ನಷ್ಟೇ ಇಟ್ಟು, ಉಳಿದುದನ್ನು ಒಂದು ಕೊಳವೆಯ ಚಿತ್ರ ತೋರಿಸಿ ಬಾಯಲ್ಲಿ ಹೇಳಿದರಾಯಿತು. ಓದು ಬಾರದವರು ಸಭೆಯಲ್ಲಿದ್ದೇ ಇರುವುದರಿಂದ ಬಾಯಿಮಾತಿನ ಭಾಗವೇ ಅಲ್ಲಿ ದೊಡ್ಡದು. ಆದರೆ “ಬಹಳ ಕಡಿಮೆ” ಎಂಬುದನ್ನು “ಬರುವುದೇ ಇಲ್ಲ” ಎಂದು ತಿದ್ದುವ ಚಾಪಲ್ಯವನ್ನು ಮಾತ್ರ ತಡೆಯತಕ್ಕದ್ದು. ಮೂಲದಲ್ಲಿ “ಕನಿಷ್ಠ” ಎಂದಿತ್ತೇ ಹೊರತು “ಶೂನ್ಯ” ಎಂದಿರಲಿಲ್ಲ.

ಎರಡನೆಯ ಸಾಲು: “ಸೇವಾಮಟ್ಟ: 135 ಎಲ್‌ಪಿಸಿಡಿ.” ತಲೆಯೊಂದಕ್ಕೆ ದಿನಕ್ಕೆ 135 ಲೀಟರು ಎಂದು ಇದರ ಅರ್ಥ. ಅಕ್ಷರಗಳನ್ನು ಬಿಡಿಸಿ ಹೇಳಿದರೂ ಅದು ಕೇಳುಗರ ಅಳತೆಯಾಗುವುದಿಲ್ಲ, ಏಕೆಂದರೆ ಯಾರೂ ನೀರನ್ನು ತಲೆಲೆಕ್ಕದಲ್ಲಿ ಹಿಡಿಯುವುದಿಲ್ಲ. ಹಿಡಿಯುವುದು ಮನೆಯ ಲೆಕ್ಕದಲ್ಲಿ, ಕೊಡದ ಲೆಕ್ಕದಲ್ಲಿ. ಐದು ಜನರ ಮನೆಗೆ ದಿನಕ್ಕೆ 675 ಲೀಟರು. ಹದಿನೈದು ಲೀಟರಿನ ಕೊಡವೆಂದುಕೊಂಡರೆ 45 ಕೊಡ. ಇಷ್ಟಾದರೂ ಒಂದು ಸಂದೇಹವು ಉಳಿಯುತ್ತದೆ: ಈ 45 ಕೊಡವು ಸಿಗುವುದೆಂಬ ಭರವಸೆಯೋ, ಅದಕ್ಕಿಂತ ಹೆಚ್ಚು ಬಳಸಕೂಡದೆಂಬ ಮಿತಿಯೋ? ವಾಸ್ತವದಲ್ಲಿ ಅದು ಕೊಳವೆಯ ಗಾತ್ರವನ್ನೂ ಮೇಲ್ತೊಟ್ಟಿಯ ಗಾತ್ರವನ್ನೂ ನಿಶ್ಚಯಿಸಲು ಇಂಜಿನಿಯರರು ಹಿಡಿದ ಲೆಕ್ಕ. ಆದುದರಿಂದ ಹೊಸ ಸಾಲು ಹೀಗೆ: “ಐದು ಜನರಿರುವ ಮನೆಗೆ ದಿನಕ್ಕೆ ಸುಮಾರು 45 ಕೊಡ ನೀರು ಬೇಕೆಂದು ಹಿಡಿದು ಕೊಳವೆ ಹಾಕುತ್ತೇವೆ.”

ಮೂರನೆಯ ಸಾಲು: “ಪರಿಮಾಣಾಧಾರಿತ ಶುಲ್ಕ ಪದ್ಧತಿಯನ್ನು ಜಾರಿಗೊಳಿಸಲಾಗುವುದು.” ಸಭೆಯವರು ತಿಳಿಯಬೇಕೆಂದು ಅತ್ಯಂತ ಹಂಬಲಿಸುವ ಸಂಗತಿಯು ಈ ಸಾಲಿನಲ್ಲಿದ್ದು, ಅದು ಅತ್ಯಂತ ಮುಚ್ಚಿದ ಸಾಲೂ ಆಗಿದೆ. ಜಾರಿಗೊಳಿಸುವವರಾರು, ಕೊಡಬೇಕಾದವರಾರು, ಎಷ್ಟು, ಯಾವಾಗಿನಿಂದ — ಈ ನಾಲ್ಕಕ್ಕೂ ಇಲ್ಲಿ ಎಡೆಯಿಲ್ಲ. ತಿಳಿಗನ್ನಡಕ್ಕೆ ತರಹೊರಟವನು ಇವನ್ನು ತುಂಬಲೇಬೇಕಾಗುತ್ತದೆ: “ಮನೆಗೊಂದು ಮೀಟರ್ ಕೂಡಿಸುತ್ತೇವೆ. ಸಾವಿರ ಲೀಟರಿಗೆ ಒಂದು ಯುನಿಟ್. ದಿನಕ್ಕೆ 45 ಕೊಡ ಬಳಸುವ ಮನೆಗೆ ತಿಂಗಳಿಗೆ ಸುಮಾರು 20 ಯುನಿಟ್. ಇಂಥ ತಿಂಗಳಿನಿಂದ ಬಿಲ್ಲು ಇಷ್ಟು ರೂಪಾಯಿ.” ಆ “ಇಂಥ” ಎಂಬಲ್ಲಿ ತಿಂಗಳ ಹೆಸರೂ “ಇಷ್ಟು” ಎಂಬಲ್ಲಿ ಒಂದು ಅಂಕೆಯೂ ಬರತಕ್ಕದ್ದು, ಬಾರದಿದ್ದರೆ ಬರೆಯುವವನು ಕಚೇರಿಗೆ ಹೋಗಿ ಕೇಳತಕ್ಕದ್ದು. ಬಳಿಕ ಇನ್ನೊಂದು ಮಾತು: ಮೀಟರಿನಿಂದ ಈಚೆಗೆ, ಮನೆಯೊಳಗಿನ ಕೊಳವೆ ಸೋರಿದರೆ ಆ ಸೋರಿಕೆಯೂ ಬಿಲ್ಲಿನಲ್ಲಿ ಬರುತ್ತದೆ. ಮೂಲ ವಾಕ್ಯದಲ್ಲಿ ಇದು ಅಡಗಿಯೇ ಇತ್ತು. ಮೊದಲ ಬಿಲ್ಲು ಕೈಗೆ ಬಂದ ದಿನ ಜಗಳವಾಗಿ ಹೊರಬೀಳುವ ಬದಲು ಸಭೆಯಲ್ಲಿಯೇ ಹೊರಬೀಳುವುದು ಲೇಸು.

ನಾಲ್ಕನೆಯದು, “ಆರೋಗ್ಯ ಸೂಚ್ಯಂಕಗಳಲ್ಲಿ ಗಣನೀಯ ಸುಧಾರಣೆ.” ಇಲ್ಲಿ ನಮ್ಮ ಊರಿನ ಪುಣ್ಯವೆಂಬಂತೆ ನಿಜವಾದ ಆಧಾರವಿದೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಹುಬ್ಬಳ್ಳಿ–ಧಾರವಾಡದ ನಳಗಳ ನೀರನ್ನು ಪರೀಕ್ಷಿಸಿದಾಗ, ಮಲದಿಂದ ಬರುವ ಇ. ಕೋಲೈ ಎಂಬ ಸೂಕ್ಷ್ಮಾಣುವು ಸರದಿಯ ನೀರಿನ ನೂರು ಮಾದರಿಗಳಲ್ಲಿ ಮೂವತ್ತಕ್ಕೂ ಹೆಚ್ಚಿನವುಗಳಲ್ಲಿಯೂ, ನಿರಂತರ ನೀರಿನ ನೂರರಲ್ಲಿ ಒಂದಕ್ಕಿಂತ ಕಡಿಮೆಯಲ್ಲಿಯೂ ಕಂಡಿತು. ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಚಪ್ಪಾಳೆ ಬೀಳುವುದು ನಿಶ್ಚಯ. ಆದರೆ 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು, ಐದು ವರ್ಷದೊಳಗಿನ ಮಕ್ಕಳಿರುವ 3,922 ಮನೆಗಳನ್ನು ವಿಚಾರಿಸಿ, ಮಕ್ಕಳ ಭೇದಿಯಲ್ಲಿ ಒಟ್ಟಾರೆಯಾಗಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲವೆಂದು ತಿಳಿಸಿತು. ಕಡಿಮೆ ವರಮಾನದ ಮನೆಗಳಲ್ಲಿ ರಕ್ತಭೇದಿಯೂ, ಒಟ್ಟು ಮನೆಗಳಲ್ಲಿ ವಿಷಮಶೀತಜ್ವರವೂ ಕಡಿಮೆಯಾಗಿದ್ದುದನ್ನು ಗುರುತಿಸಿತು. ಭೇದಿಗೆ ಕೊಳವೆಯ ನೀರೊಂದೇ ಕಾರಣವಲ್ಲ. ತುಂಬಿಟ್ಟ ಕೊಡದಲ್ಲಿ ಕೈ ಅದ್ದಿದರೂ, ಶೌಚದ ಬಳಿಕ ಕೈ ತೊಳೆಯದಿದ್ದರೂ ರೋಗವು ಬರುವುದು. ಹಾಗಾಗಿ ಪ್ರಾಮಾಣಿಕವಾದ ಸಾಲು ಇಂತಿರಬೇಕು: “ನಳದ ನೀರು ಮೊದಲಿಗಿಂತ ಬಹಳ ಶುದ್ಧ. ಟೈಫಾಯ್ಡ್ ಕಡಿಮೆ ಕಂಡಿದೆ. ಆದರೆ ಮಕ್ಕಳ ಭೇದಿ ಇದರಿಂದಲೇ ನಿಲ್ಲುತ್ತದೆಂದು ಹೇಳಲಾರೆವು.” “ಗಣನೀಯ” ಎಂಬ ವಿಶೇಷಣವು ಈ ಮೂರನ್ನೂ ಒಂದೇ ಮುಸುಕಿನಲ್ಲಿ ಸುತ್ತಿಬಿಟ್ಟಿತ್ತು.

ಬರೆದುದು ತಿಳಿಯಿತೋ ಇಲ್ಲವೋ ಎಂಬುದನ್ನು ಅರಿಯಲು “ತಿಳೀತೇನ್ರೀ?” ಎಂದು ಕೇಳುವುದು ವ್ಯರ್ಥ; ಮರ್ಯಾದೆಗಾಗಿ ಎಲ್ಲರೂ “ಹೂಂ” ಎನ್ನುವರು. ಸಭೆಗೆ ಮುಂಚೆಯೇ ಆ ವಾರ್ಡಿನ ಇಬ್ಬರು ಮೂವರಿಗೆ ಸಾಲುಗಳನ್ನು ಓದಿ ಹೇಳಿ, “ನಿಮ್ಮ ನೆರೆಮನೆಯವರು ಕೇಳಿದರ ಏನಂತ ಹೇಳ್ತೀರಿ?” ಎಂದು ಕೇಳಬೇಕು. “ಇನ್ನ ನೀರು ಕಾಸೂದು ಬ್ಯಾಡ ಅಂತ ಹೇಳ್ತೀನ್ರಿ” ಎಂಬ ಉತ್ತರ ಬಂದರೆ ಕೇಳಿದವರ ದಡ್ಡತನವೆಂದು ತಿಳಿಯಬಾರದು. ನಾಲ್ಕನೆಯ ಸಾಲಿನ ಕೊನೆಯ ವಾಕ್ಯವು ಅವರಿಗೆ ಮುಟ್ಟಿಲ್ಲವೆಂದೂ, ಅದು ಮೊದಲಿಗೆ ಬರಬೇಕಾದುದೆಂದೂ ತಿಳಿಯಬೇಕು.

ಹೀಗೆ ತಿದ್ದುತ್ತ ಹೋದಾಗ ಯಾವುದಾದರೊಂದು ಸಾಲು ಎಷ್ಟು ಹೆಣಗಿದರೂ ತಿಳಿಯಾಗದೆ ಉಳಿಯುವುದುಂಟು. ಅಂಥಲ್ಲಿ ದೋಷವು ಬರೆಯುವವನ ಭಾಷೆಯದೆಂದು ಭಾವಿಸುವ ಮುನ್ನ, ಅದರ ಹಿಂದಿನ ಕಡತವನ್ನೊಮ್ಮೆ ತೆಗೆದು ನೋಡುವುದು ಉಚಿತ: ದರವೆಷ್ಟೆಂಬುದು ಬಹುಶಃ ಇನ್ನೂ ನಿರ್ಧಾರವಾಗಿರಲಿಕ್ಕಿಲ್ಲ, ಸೋರಿಕೆಯ ಹೊಣೆ ಯಾರದೆಂಬುದು ಬಹುಶಃ ಬರೆದಿರಲಿಕ್ಕಿಲ್ಲ. ಹಾಗಿದ್ದಲ್ಲಿ ಪರದೆಯ ಮೇಲೆ “ದರ ಇನ್ನೂ ನಿಶ್ಚಯವಾಗಿಲ್ಲ” ಎಂದೇ ಬರೆಯಬೇಕು. ಈ ತಿದ್ದುವಿಕೆಯ ಫಲವಾಗಿ ಸಭೆಯವರು ಕೇಳಬೇಕಾದ ಪ್ರಶ್ನೆಯು ಕಚೇರಿಯಲ್ಲಿಯೇ ಮೊದಲು ಕೇಳಿಬಂದಂತಾಗುತ್ತದೆ.