ಒಳಬಾಡಿಗೆಗೆ ಬಾಯಿಮಾತಿನ ಒಪ್ಪಿಗೆ ಸಾಕೇ?

ಪ್ರಶ್ನೆ: ಬಾಡಿಗೆದಾರರು ಒಂದು ಕೋಣೆಯನ್ನು ಬೇರೆಯವರಿಗೆ ಕೊಡಲು ಅನುಮತಿ ಕೇಳಿದರೆ ಮನೆ ಮಾಲೀಕರು ಹೇಗೆ ಉತ್ತರಿಸಬೇಕು?

ಬರಹದಲ್ಲೇ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನಂತೆ, ಕರಾರಿನಲ್ಲಿ ನಿಷೇಧವಿಲ್ಲದಿದ್ದರೆ ಬಾಡಿಗೆದಾರರು ಒಳಬಾಡಿಗೆಗೆ ಕೊಡಬಹುದು. ಆದರೆ ಬೆಂಗಳೂರಿನ ಹನ್ನೊಂದು ತಿಂಗಳ ಕರಾರುಗಳಲ್ಲಿ ಆ ನಿಷೇಧ ಸಾಮಾನ್ಯ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವ ಮನೆಗಳಲ್ಲಂತೂ ಲಿಖಿತ ಒಪ್ಪಿಗೆಯಿಲ್ಲದ ಒಳಬಾಡಿಗೆ ತೆರವಿಗೇ ಕಾರಣವಾಗಬಲ್ಲದು. ಬಾಯಿಮಾತನ್ನು ನಂಬಿದ ಬಾಡಿಗೆದಾರರಿಗೇ ಇಲ್ಲಿ ಹೆಚ್ಚು ಅಪಾಯ.

ಜಯನಗರದ ಎರಡು ಕೋಣೆಗಳ ಮನೆಯೊಂದನ್ನು ಊಹಿಸೋಣ. ಬಾಡಿಗೆದಾರರು ಸಹೋದ್ಯೋಗಿಗೆ ಆರು ತಿಂಗಳು ಕೋಣೆ ಕೊಡಬಯಸುತ್ತಾರೆ. ಮಾಲೀಕರ ಪತ್ರದಲ್ಲಿ ಬರುವವರ ಹೆಸರು, ಕೋಣೆ, ಕೊನೆಯ ದಿನಾಂಕ ಇರಬೇಕು. ಪೂರ್ತಿ ಬಾಡಿಗೆಗೂ ಹಾನಿಗೂ ಮೂಲ ಬಾಡಿಗೆದಾರರೇ ಹೊಣೆ ಎಂದೂ ಬರೆದಿರಬೇಕು.

ಹಣವನ್ನು ಹೊಸಬರಿಂದ ನೇರವಾಗಿ ಪಡೆದು ಅವರ ಹೆಸರಿಗೆ ರಸೀದಿ ಕೊಟ್ಟರೆ, ಅವರು ತಾವೇ ಬಾಡಿಗೆದಾರರೆಂದು ವಾದಿಸಲು ದಾರಿಯಾಗುತ್ತದೆ.