ಒಂದೇ ಲೈನು, ಎರಡು ಪೇಸ್ಲಿಪ್ಪು

2020ರ ಡಿಸೆಂಬರ್ 12ರ ಬೆಳಗ್ಗೆ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರು ತಾವು ದುಡಿಯುತ್ತಿದ್ದ ಕಾರ್ಖಾನೆಯ ಗಾಜುಗಳನ್ನೇ ಒಡೆದರು. ಅದು ಆಗ ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆಯಾಗಿತ್ತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆಯವರು. ಕೆಲಸದ ಗಂಟೆಗಳ ಲೆಕ್ಕ ಸರಿಯಾಗಿ ನಡೆಯದೆ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಕೆಲವರ ಸಂಬಳ ತಡವಾಗಿತ್ತು ಎಂದು ಆ್ಯಪಲ್ ಆಮೇಲೆ ಒಪ್ಪಿಕೊಂಡಿತು. ವಿಸ್ಟ್ರಾನ್ ಕ್ಷಮೆ ಕೇಳಿ, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು.

ಒಡೆದದ್ದು ತಪ್ಪೇ. ಆದರೆ ಆ ಸಿಟ್ಟು ಒಂದು ರಾತ್ರಿಯಲ್ಲಿ ಹುಟ್ಟುವಂಥದ್ದಲ್ಲ. ಸಂಬಳ ಕಡಿಮೆ ಬಂತೆಂದು ಹುಡುಗ ಎಚ್‌ಆರ್ ಹತ್ತಿರ ಹೋಗುತ್ತಾನೆ. "ಏಜೆನ್ಸಿಯವರನ್ನು ಕೇಳಪ್ಪ" ಅನ್ನುತ್ತಾರೆ. ಏಜೆನ್ಸಿಯವರು, "ಕಂಪನಿಯಿಂದ ಹಾಜರಿ ಬಂದಂಗೆ ಹಾಕಿದೀವಿ" ಅನ್ನುತ್ತಾರೆ. ಪಕ್ಕದಲ್ಲೇ ಅದೇ ಸ್ಕ್ರೂ ತಿರುಗಿಸುವ ಖಾಯಂ ನೌಕರನಿಗೆ ಈ ಅಲೆದಾಟ ಇಲ್ಲ. ದುಡ್ಡಿಗಿಂತ ಮೊದಲು ಚುಚ್ಚುವುದು ಇದು.

ಹಾಗಾಗಿ ಕೆಲಸ ಶುರುವಾಗಬೇಕಾದ್ದು ಹಾಜರಿಯಿಂದ. ಖಾಯಂ ನೌಕರರು ಪಂಚ್ ಮಾಡುವ ಯಂತ್ರದಲ್ಲೇ ಗುತ್ತಿಗೆಯವರೂ ಪಂಚ್ ಮಾಡಬೇಕು. ತಿಂಗಳ ಕೊನೆಗೆ ಗಂಟೆಗಳ ಪಟ್ಟಿ ಏಜೆನ್ಸಿಗೆ ಹೋಗುವ ಮೊದಲು ಕಾರ್ಮಿಕನ ಕಣ್ಣಿಗೆ ಬೀಳಬೇಕು. ಎರಡು ದಿನ ಲೈನಿನ ನೋಟಿಸ್ ಬೋರ್ಡಿನಲ್ಲಿದ್ದರೂ ಸಾಕು. ಯಂತ್ರ ಕೆಟ್ಟ ದಿನ ಸೂಪರ್‌ವೈಸರ್ ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಓವರ್‌ಟೈಮ್‌ಗೆ ಕಾನೂನಿನ ಪ್ರಕಾರ ಎರಡು ಪಟ್ಟು ಕೂಲಿ ಇರುವುದರಿಂದ, ಇಲ್ಲಿ ಕಳೆದುಹೋದ ಒಂದು ಗಂಟೆ ಎರಡು ಗಂಟೆಯ ದುಡ್ಡು.

ಎರಡನೆಯದು ಕಡಿತ. ಒಂದು ಲೆಕ್ಕ ಹಾಕೋಣ. ಮೂಲ ವೇತನ 15,000 ಸೇರಿ ಒಟ್ಟು 18,000 ರೂಪಾಯಿ ಸಂಬಳ. ಕಾರ್ಮಿಕನ ಪಾಲು ಪಿಎಫ್ 12 ಶೇಕಡಾದಂತೆ 1,800, ಇಎಸ್‌ಐ 0.75 ಶೇಕಡಾದಂತೆ 135. ಕೈಗೆ 16,065 ಬರಬೇಕು. ಮಾಲೀಕನ ಪಾಲು ಪಿಎಫ್ 1,800, ಇಎಸ್‌ಐ 3.25 ಶೇಕಡಾದಂತೆ 585. ಕೆಲವು ಏಜೆನ್ಸಿಗಳು ಈ 2,385ನ್ನೂ ಕಾರ್ಮಿಕನ 18,000ದಲ್ಲೇ ಕತ್ತರಿಸುತ್ತವೆ. ಆಗ ಕೈಗೆ ಬರುವುದು 13,680. ಮಾಲೀಕನ ಪಾಲನ್ನು ಕಾರ್ಮಿಕನ ಸಂಬಳದಿಂದ ಹಿಡಿಯುವ ಹಾಗಿಲ್ಲ. ಆದರೂ ನಡೆಯುತ್ತದೆ, ಏಕೆಂದರೆ ತಲೆಗೆ ಇಷ್ಟು ಎಂದು ಒಟ್ಟು ಮೊತ್ತಕ್ಕೆ ಟೆಂಡರ್ ಕರೆದ ಕಂಪನಿ, ಕಡಿಮೆ ಹೇಳಿದವನಿಗೆ ಕೆಲಸ ಕೊಟ್ಟು ಸುಮ್ಮನಾಗಿರುತ್ತದೆ. ನನ್ನ ದೃಷ್ಟಿಯಲ್ಲಿ ಈ ಅನ್ಯಾಯ ಅಲ್ಲೇ ಬರೆದಾಗಿರುತ್ತದೆ. ಸಂಬಳ, ಮಾಲೀಕನ ಪಾಲು, ಏಜೆನ್ಸಿಯ ಸೇವಾ ಶುಲ್ಕ ಮೂರನ್ನೂ ಬಿಲ್ಲಿನಲ್ಲಿ ಬೇರೆಬೇರೆ ಸಾಲಾಗಿ ಕೇಳಬೇಕು. ಪೈಪೋಟಿ ಸೇವಾ ಶುಲ್ಕದ ಮೇಲೆ ಮಾತ್ರ ನಡೆಯಬೇಕು. ಮೋಸ ಪತ್ತೆ ಮಾಡುವುದು ಕಷ್ಟವಲ್ಲ. ಪ್ರತಿ ತಿಂಗಳು ಹತ್ತು ಜನರ ಪೇಸ್ಲಿಪ್, ಬ್ಯಾಂಕಿಗೆ ಬಿದ್ದ ದುಡ್ಡು, ಪಿಎಫ್ ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತದೆ.

ಇದು ಔದಾರ್ಯದ ಮಾತಲ್ಲ. ಗುತ್ತಿಗೆಯವರು ಖಾಯಂ ನೌಕರರದ್ದೇ ಅಥವಾ ಅದೇ ಬಗೆಯ ಕೆಲಸ ಮಾಡಿದರೆ ಕೂಲಿ, ರಜೆ, ಕೆಲಸದ ಅವಧಿ ಒಂದೇ ಇರಬೇಕು ಎಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಡಿ ಬಂದ 1971ರ ಕೇಂದ್ರ ನಿಯಮಗಳೇ ಹೇಳಿದ್ದವು. ಏಜೆನ್ಸಿ ಸಂಬಳ ಕೊಡದಿದ್ದರೆ ಮೂಲ ಮಾಲೀಕನೇ ಕೊಟ್ಟು ಆಮೇಲೆ ವಸೂಲಿ ಮಾಡಿಕೊಳ್ಳಬೇಕೆಂಬ ಹೊಣೆ ಹೊಸ ಕಾರ್ಮಿಕ ಸಂಹಿತೆಯಲ್ಲೂ ಉಳಿದಿದೆ.

ಕ್ಯಾಂಟೀನು, ಬಸ್ಸು, ಸೇಫ್ಟಿ ಶೂ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ: ಒಂದೇ ಸಾಲು, ಒಂದೇ ಊಟ, ಒಂದೇ ಶೂ. ಕಷ್ಟ ಇರುವುದು ಸೂಪರ್‌ವೈಸರನಿಗೆ. ಇಂದು ಯಾವ ಕೆಲಸ, ಹೇಗೆ ಎಂದು ಅವನು ಹೇಳಬಹುದು. ಆದರೆ ರಜೆ, ಶಿಸ್ತು, ತೆಗೆದುಹಾಕುವುದು ಇವನ್ನೂ ಅವನೇ ನಡೆಸಿದರೆ ಏಜೆನ್ಸಿಯ ಒಪ್ಪಂದವೇ ಬರಿಯ ಮರೆ ಎಂದು ನ್ಯಾಯಾಲಯ ನೋಡಬಹುದು. ಆ ಹೆದರಿಕೆಯಿಂದ ಕೆಲವರು ಗುತ್ತಿಗೆಯವರ ಜೊತೆ ಮಾತೇ ಆಡುವುದಿಲ್ಲ. ಕೆಟ್ಟ ಪಾಳಿಯನ್ನೂ ಅವರಿಗೇ ತಳ್ಳುತ್ತಾರೆ. ಏಜೆನ್ಸಿಯ ಒಬ್ಬ ಪ್ರತಿನಿಧಿ ಪ್ರತಿ ಪಾಳಿಯಲ್ಲೂ ಶಾಪ್ ಫ್ಲೋರಿನಲ್ಲೇ ಇರಬೇಕೆಂದು ಒಪ್ಪಂದದಲ್ಲಿ ಬರೆಸಿದರೆ ರಜೆ ಕೇಳಲು ಹುಡುಗ ಊರೆಲ್ಲ ಫೋನ್ ಮಾಡಬೇಕಾಗುವುದಿಲ್ಲ. ರಾತ್ರಿ ಪಾಳಿಯ ಸರದಿ ಪಟ್ಟಿಯಲ್ಲಿ ಇಬ್ಬರ ಹೆಸರೂ ಬೆರೆತಿರಬೇಕು.

ಇಷ್ಟೆಲ್ಲ ಮಾಡಿದರೂ ಒಂದು ಅಂತರ ಉಳಿಯುತ್ತದೆ. ಹದಿನೈದು ವರ್ಷದ ಸೇವೆಯ ಖಾಯಂ ನೌಕರನಿಗೆ ಇನ್‌ಕ್ರಿಮೆಂಟಿನಿಂದ ಹೆಚ್ಚು ಸಂಬಳ ಬರುತ್ತದೆ. ನಾಳೆಯ ಭರವಸೆಯೂ ಅವನಿಗಿದೆ. ಅದನ್ನು ಮುಚ್ಚಿಡಬಾರದು. "ಚೆನ್ನಾಗಿ ಮಾಡು, ಪರ್ಮನೆಂಟ್ ಮಾಡಿಸ್ತೀನಿ" ಎಂಬ ಮಾತು ಯಾವ ಸೂಪರ್‌ವೈಸರನ ಬಾಯಿಂದಲೂ ಬರಬಾರದು. ಖಾಯಂ ಹುದ್ದೆ ಖಾಲಿಯಾದಾಗ ಗುತ್ತಿಗೆಯವರೂ ಅರ್ಜಿ ಹಾಕಬಹುದೇ, ಯಾವ ಪರೀಕ್ಷೆ, ಯಾವ ತಿಂಗಳು ಎಂಬುದನ್ನು ಸೇರಿದ ದಿನವೇ ಕನ್ನಡದಲ್ಲಿ ಬರೆದು ಅವನ ಕೈಗೆ ಕೊಡಬೇಕು. ಅಂಥ ಹುದ್ದೆ ಇಲ್ಲದಿದ್ದರೆ, ಇಲ್ಲ ಎಂದೇ ಆ ಕಾಗದದಲ್ಲಿರಬೇಕು.