ನಡುರಾತ್ರಿಯ ಜನನಕ್ಕೆ ಯಾವ ದಿನ?

ಯಮಕನಮರಡಿಯಲ್ಲಿ 2023ನೆಯ ಡಿಸೆಂಬರ 31, ರವಿವಾರ ರಾತ್ರಿ 12 ಗಂಟೆ ಕಳೆದು 20 ನಿಮಿಷಕ್ಕೆ ಒಂದು ಶಿಶು ಜನಿಸಿತೆಂದು ಭಾವಿಸೋಣ. ಅಜ್ಜಿಯು ರವಿವಾರವೆನ್ನುವಳು, ದಾಖಲೆಯು ಜನವರಿ 1, ಸೋಮವಾರವೆನ್ನುವುದು. ಇಬ್ಬರದೂ ಸರಿಯೇ.

ಇಂಗ್ಲಿಷ್ ತಾರೀಖು ನಡುರಾತ್ರಿಗೆ ಬದಲಾಗುವುದು; ನಮ್ಮ ವಾರವು ಸೂರ್ಯೋದಯದಿಂದ ಸೂರ್ಯೋದಯದವರೆಗೆ. ಸಂಖ್ಯಾಶಾಸ್ತ್ರವು ಆ ತಾರೀಖನ್ನೇ ಆಶ್ರಯಿಸಿರುವುದರಿಂದ ಈ ಶಿಶುವಿನ ಅಂಕ 1. ಅಜ್ಜಿಯ ಮಾತಿನಂತೆ 31 ಹಿಡಿದರೆ 4 ಆಗಿ ತಪ್ಪುವುದು. ಪಂಚಾಂಗದಲ್ಲಾದರೋ ವಾರವು ರವಿವಾರವೇ. ಅಂದಿನ ಉದಯವು ಸುಮಾರು 7 ಗಂಟೆಗೆ. ಅಲ್ಲಿಂದ ಜನನಕ್ಕೆ 17 ಗಂಟೆ 20 ನಿಮಿಷ. ಗಂಟೆಗೆ ಎರಡೂವರೆ ಘಟಿಯಂತೆ ಇಷ್ಟಕಾಲವು 43 ಘಟಿ 20 ವಿಘಟಿ.

ತಿಥಿನಕ್ಷತ್ರಗಳು ಮಾತ್ರ ನಡುರಾತ್ರಿಯನ್ನೂ ಉದಯವನ್ನೂ ಕಾಯವು. ಜನನಕ್ಷಣದಲ್ಲಿ ಇದ್ದವೇ ಜಾತಕಕ್ಕೆ ಗ್ರಾಹ್ಯ. ಗಣಕನಿಗೆ “31ರ ರಾತ್ರಿ 12.20” ಎಂದಷ್ಟೇ ಬರೆದುಕೊಟ್ಟರೆ, ಅವನು ಹಿಂದಿನ ನಡುರಾತ್ರಿಯನ್ನು ಹಿಡಿಯಬಹುದು. ಆಗ ಲಗ್ನವು ಹೆಚ್ಚು ಕಡಮೆ ಅದೇ ಬರುವುದರಿಂದ ದೋಷ ಕಾಣಿಸದು; ಚಂದ್ರನು ಮಾತ್ರ ಸುಮಾರು 13 ಅಂಶ, ಎಂದರೆ ಒಂದು ನಕ್ಷತ್ರದಷ್ಟು ಹಿಂದೆ ಬೀಳುವನು. ನಾಮಾಕ್ಷರವೂ ದಶೆಯೂ ಕೆಡುವುವು.

ಉದಯದ ಸಮೀಪದ ಜನನಕ್ಕೆ ಸ್ವಸ್ಥಳದ ಉದಯವೇ ಪ್ರಮಾಣ. ಆ ದಿನಗಳಲ್ಲಿ ಬೆಂಗಳೂರಿನಲ್ಲಿ ಉದಯ ಸುಮಾರು 6.41ಕ್ಕೆ. 6.50ಕ್ಕೆ ಹುಟ್ಟಿದ ಮಗುವಿಗೆ ಬೆಂಗಳೂರಿನ ಪಂಚಾಂಗ ನೋಡಿದರೆ ಸೋಮವಾರ. ನಮ್ಮೂರಲ್ಲಿ ಇನ್ನೂ ರವಿವಾರ. ಸೂರ್ಯಬಿಂಬದ ಮೇಲಂಚನ್ನು ಎಣಿಸುವರೋ ನಡುವನ್ನೋ ಎಂಬುದರಿಂದಲೂ ಕೆಲವು ನಿಮಿಷಗಳ ಭೇದವುಂಟು. ಅಷ್ಟು ಸಮೀಪವಾದರೆ ಎರಡು ವಾರಗಳನ್ನೂ ಬರೆದಿಡುವುದು ಪ್ರಾಮಾಣಿಕ.

ಆದಕಾರಣ ಗೃಹಿಣಿಯರು ಹೀಗೆ ಬರೆದಿಡಲಿ: “31 ಮುಗಿದು 1 ಹುಟ್ಟಿದ ಮೇಲೆ, ರಾತ್ರಿ 12.20, ಯಮಕನಮರಡಿ; ಉದಯಕ್ಕೆ ಮುಂಚೆ.”